ಶಹಾಪುರದ ಖಾನಾವಳಿಯಲ್ಲಿ ಎರಡು ಊಟ

ಹೋಟೆಲಿನ ಊಟ ಹೇಗಿತ್ತು ಎಂದು ನಮ್ಮ ಕಡೆ ಯಾರನ್ನಾದರೂ ಕೇಳಿ ನೋಡಿ. ಸಾಮಾನ್ಯವಾಗಿ ಎರಡೇ ಉತ್ತರಗಳು ಸಿಗುತ್ತವೆ. ಒಂದು, "ಭಾರಿ ಅದರಿ". ಇನ್ನೊಂದು, "ಏನೂ ಉಪಯೋಗಿಲ್ರಿ". ಎರಡರಿಂದಲೂ ಕೇಳಿದವನಿಗೆ ಏನೂ ತಿಳಿಯುವುದಿಲ್ಲ. ರೊಟ್ಟಿ ಬಿಸಿಯಿತ್ತೇ, ಪಲ್ಯದಲ್ಲಿ ಎಣ್ಣೆ ಎಷ್ಟಿತ್ತು, ಕೈ ತೊಳೆಯಲು ಸಾಬೂನು ಇತ್ತೇ ಎಂದು ಮತ್ತೆ ಬಿಡಿಸಿ ಕೇಳಬೇಕಾಗುತ್ತದೆ. ಉತ್ತರ ಕೊಡುವವರಿಗೆ ಅಷ್ಟರಲ್ಲಿ ಊಟವೇ ಮರೆತುಹೋಗಿರುತ್ತದೆ.

ನನ್ನ ಅಕ್ಕನಿಗೆ ಬೇಕಾಗಿದ್ದದ್ದು ಈ ಬಿಡಿಸಿದ ಉತ್ತರ. ಆಕೆ ಇರುವುದು ಸುರಪುರದಲ್ಲಿ. ಭಾವನವರು ತಿಂಗಳಿಗೆ ಎರಡು ಸಲ ತಪಾಸಣೆಗೆಂದು ಯಾದಗಿರಿಯ ಆಸ್ಪತ್ರೆಗೆ ಹೋಗಿಬರುತ್ತಾರೆ. ಬರುವಾಗ ಶಹಾಪುರದಲ್ಲಿ ಬಸ್ ಬದಲಿಸಬೇಕು, ಅಷ್ಟರಲ್ಲಿ ಮಧ್ಯಾಹ್ನ ಮೀರಿರುತ್ತದೆ. ಸಕ್ಕರೆ ಕಾಯಿಲೆಯವರು ಹಸಿದುಕೊಂಡಿರುವಂತಿಲ್ಲ, ಹಾಗಾಗಿ ಅಲ್ಲಿಯೇ ಒಂದು ಖಾನಾವಳಿಯಲ್ಲಿ ಊಟ ಮಾಡುತ್ತಾರೆ. ಹಿಂದೊಮ್ಮೆ ಹೊಟ್ಟೆಯ ಸೋಂಕಿನಿಂದ ನಾಲ್ಕು ದಿನ ಮಲಗಿದ್ದವರು ಅವರು. ಅದು ಹೊರಗಿನ ಊಟದಿಂದಲೋ, ಮನೆಯದರಿಂದಲೋ, ಯಾರಿಗೂ ಗೊತ್ತಿಲ್ಲ. "ನೀನು ಆ ಕಡೆ ಹೋಗ್ತಿಯಲ್ಲ, ಒಂದು ಸಲ ಉಂಡು ನೋಡಿ ಹೇಳು. ಅವರನ್ನು ಕೇಳಿದರೆ ಛಲೋ ಅದ ಅಂತಾರ, ಮುಂದ ಮಾತೇ ಇಲ್ಲ" ಎಂದು ಅಕ್ಕ ಫೋನಿನಲ್ಲಿ ಹೇಳಿದಳು.

ಹೀಗಾಗಿ ನಾನು ಆ ಖಾನಾವಳಿಗೆ ಎರಡು ಸಲ ಹೋದೆ. ಎರಡು ಸಲ ಏಕೆಂದರೆ, ಖಾನಾವಳಿಯಲ್ಲಿ ಒಂದೇ ದಿನ ಎರಡು ಬೇರೆ ಬೇರೆ ಊಟಗಳಿರುತ್ತವೆ. ಹನ್ನೆರಡೂವರೆಗೆ ಕುಳಿತವನಿಗೆ ಸಿಗುವುದು ಒಂದು, ಮೂರು ಗಂಟೆಗೆ ಕುಳಿತವನಿಗೆ ಸಿಗುವುದು ಇನ್ನೊಂದು. ತಟ್ಟೆಯಲ್ಲಿರುವ ಪದಾರ್ಥಗಳ ಹೆಸರು ಮಾತ್ರ ಒಂದೇ. ಭಾವನವರು ಅಲ್ಲಿಗೆ ತಲುಪುವುದು ಹೆಚ್ಚುಕಡಿಮೆ ಮೂರಕ್ಕೆ. ಆದ್ದರಿಂದ ನನ್ನ ಮೊದಲ ಊಟ ಮಧ್ಯಾಹ್ನ ಎರಡು ಐವತ್ತಕ್ಕೆ, ಎರಡನೆಯದು ಎರಡು ವಾರದ ನಂತರ ಹನ್ನೆರಡು ಮುಕ್ಕಾಲಿಗೆ. ಯಾವುದೇ ಹೋಟೆಲಿನ ಬಗ್ಗೆ ಬರೆಯುವವರು ತಾವು ಎಷ್ಟು ಗಂಟೆಗೆ ಉಂಡೆವು ಎಂದು ಹೇಳದಿದ್ದರೆ ಅವರ ಅರ್ಧ ಮಾತು ಓದುಗರಿಗೆ ಸಿಗಲೇ ಇಲ್ಲ ಎಂದು ನನ್ನ ಅಭಿಪ್ರಾಯ.

ಖಾನಾವಳಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅದನ್ನು ನಡೆಸುವ ಹೆಣ್ಣುಮಗಳು, ರೊಟ್ಟಿ ಬಡಿಯಲು ಇನ್ನಿಬ್ಬರು, ಬಡಿಸಲು ಒಬ್ಬ ಹುಡುಗ, ಇಷ್ಟೇ ಜನ ಅಲ್ಲಿ. ಎಂಟು ಮೇಜು. ಗೋಡೆಯ ಮೇಲೆ ದರಪಟ್ಟಿ: ಊಟಕ್ಕೆ 90 ರೂಪಾಯಿ, ಎರಡು ರೊಟ್ಟಿ, ಎರಡು ಪಲ್ಯ, ಹಿಂಡಿ, ಅನ್ನ, ಸಾರು, ಮಜ್ಜಿಗೆ. ಹೆಚ್ಚಿನ ರೊಟ್ಟಿಗೆ 15 ರೂಪಾಯಿ. ಪಲ್ಯ ಕೇಳಿದರೆ ಮತ್ತೊಮ್ಮೆ ಹಾಕುತ್ತಾರೆ.

ರೊಟ್ಟಿಯಿಂದ ಆರಂಭಿಸುತ್ತೇನೆ. ಖಾನಾವಳಿ ನಿಲ್ಲುವುದೂ ಬೀಳುವುದೂ ರೊಟ್ಟಿಯ ಮೇಲೆಯೇ. ಜೋಳದ ಹಿಟ್ಟಿನಲ್ಲಿ ಗೋಧಿಯಲ್ಲಿರುವಂಥ ಅಂಟು ಇಲ್ಲ. ಕುದಿಯುವ ನೀರು ಹಾಕಿ ಕಲಸಿದಾಗ ಹಿಟ್ಟಿನ ಒಂದು ಭಾಗ ಬೆಂದು, ಅದೇ ಉಳಿದ ಹಿಟ್ಟನ್ನು ಹಿಡಿದಿಡುತ್ತದೆ. ನಮ್ಮ ಹೆಣ್ಣುಮಕ್ಕಳು ಜಿಗಿ ಎನ್ನುವುದು ಇದಕ್ಕೇ. ನೀರು ಸಾಕಷ್ಟು ಕಾಯದಿದ್ದರೆ ಅಥವಾ ಹಿಟ್ಟು ಬಹಳ ದಿನದ್ದಾಗಿದ್ದರೆ ಜಿಗಿ ಬರುವುದಿಲ್ಲ. ಬಡಿಯುವಾಗ ಅಂಚು ಸೀಳುತ್ತದೆ, ಬೆಂದ ಮೇಲೆ ಮುರಿದರೆ ಪುಡಿಯಾಗುತ್ತದೆ. ಹಳೆಯ ಹಿಟ್ಟಿಗೆ ಇನ್ನೊಂದು ಗುರುತು ಗಂಟಲಲ್ಲಿ ನಿಲ್ಲುವ ಕಹಿ. ಜೋಳದ ಕಾಳಿನಲ್ಲಿ ಸ್ವಲ್ಪ ಎಣ್ಣೆಯ ಅಂಶವಿರುತ್ತದೆ, ಬೀಸಿದ ಮೇಲೆ ಅದು ಗಾಳಿಗೆ ಕೆಡುತ್ತಾ ಹೋಗುತ್ತದೆ. ಬೇಸಿಗೆಯಲ್ಲಿ ಇನ್ನೂ ಬೇಗ.

ಮೊದಲ ದಿನ ನಾನು ಕುಳಿತು ಆರು ನಿಮಿಷಕ್ಕೆ ರೊಟ್ಟಿ ಬಂತು. ಹಂಚಿನಿಂದ ನೇರವಾಗಿ ಬಂದದ್ದು, ಮುಟ್ಟಿದರೆ ಬೆರಳು ಸುಡುವಷ್ಟು ಬಿಸಿ. ಅಗಲ ನನ್ನ ಒಂದು ಗೇಣಿಗೆ ಒಂದು ಬೆರಳು ಹೆಚ್ಚು. ಅಂಚಿನಲ್ಲಿ ಸೀಳಿರಲಿಲ್ಲ, ಎರಡು ಪದರ ಬಿಟ್ಟುಕೊಂಡಿತ್ತು, ಕಹಿ ಇರಲಿಲ್ಲ. ಒಂದು ಕಡೆ ನಾಣ್ಯದಷ್ಟು ಜಾಗದಲ್ಲಿ ಹಸಿ ಹಿಟ್ಟಿನ ರುಚಿಯಿತ್ತು. ಆ ಭಾಗ ಕೆಂಡಕ್ಕೆ ಸರಿಯಾಗಿ ತಾಗಿರಲಿಲ್ಲ. ಎರಡನೆಯ ರೊಟ್ಟಿಗೆ ಆ ದೋಷವಿರಲಿಲ್ಲ. ಎರಡನೆಯ ಭೇಟಿಯಲ್ಲಿ ಜನ ತುಂಬಿದ್ದರು, ರೊಟ್ಟಿಗೆ ಹದಿನಾಲ್ಕು ನಿಮಿಷ ಕಾಯಬೇಕಾಯಿತು. ಆದರೆ ಬಂದ ರೊಟ್ಟಿ ಮೊದಲಿನದಕ್ಕಿಂತ ಮೆತ್ತಗಿತ್ತು. ಇಂಥ ರೊಟ್ಟಿಗೆ ನಾನು 'ಚೆನ್ನಾಗಿದೆ' ಎಂಬ ಪದ ಬಳಸುತ್ತೇನೆ. 'ಅದ್ಭುತ' ಎನ್ನುವುದಿಲ್ಲ. ಸುರಪುರದಲ್ಲಿ ಅಕ್ಕನ ಮನೆಯ ರೊಟ್ಟಿ ಇದಕ್ಕಿಂತ ಮೇಲು, ಆ ದರ್ಜೆಗೆ ಒಂದು ಪದವನ್ನು ಉಳಿಸಿಕೊಳ್ಳಬೇಕಲ್ಲ.

ಅಳತೆಯ ಬಗ್ಗೆ ಒಂದು ಮಾತು. ರೊಟ್ಟಿ ಮೊದಲಿಗಿಂತ ಸಣ್ಣದಾಗಿದೆ, ತೆಳ್ಳಗಾಗಿದೆ ಎಂದು ಪಕ್ಕದ ಮೇಜಿನ ಹಿರಿಯರೊಬ್ಬರು ದೂರಿದರು. ಇರಬಹುದು. ಆದರೆ ಅದರಲ್ಲಿ ಖಾನಾವಳಿಯ ಜಿಪುಣತನಕ್ಕಿಂತ ಹೊಲದ ಪಾಲೂ ಇದೆ. 1982ರಲ್ಲಿ ನಾರಾಯಣಪುರದ ಜಲಾಶಯ ಮುಗಿದ ಮೇಲೆ ಕಾಲುವೆ ನೀರು ಶಹಾಪುರ, ಸುರಪುರದ ಹೊಲಗಳಿಗೆ ಬಂತು. ಹಿಂಗಾರಿಗೆ ಬಿಳಿಜೋಳ ಬೆಳೆಯುತ್ತಿದ್ದ ಎಷ್ಟೋ ಕಪ್ಪು ನೆಲ ಭತ್ತದ ಗದ್ದೆಯಾಯಿತು. ಈಗ ಇಲ್ಲಿ ಅನ್ನ ಸುಲಭ, ಒಳ್ಳೆಯ ಜೋಳ ದುಬಾರಿ. ಎರಡು ರೊಟ್ಟಿಗೆ ಹೊಟ್ಟೆ ತುಂಬದಿದ್ದರೆ ಅನ್ನ ಹಾಕಿಸಿಕೊಳ್ಳಿ ಎನ್ನುವುದು ಖಾನಾವಳಿಯವರ ಲೆಕ್ಕ. ನನಗೆ ಎರಡು ರೊಟ್ಟಿ ಸಾಕಾಯಿತು. ಹೊಲದಲ್ಲಿ ದುಡಿದು ಬಂದವರಿಗೆ ಸಾಲದು, ಅವರು 120 ರೂಪಾಯಿ ಎಂದೇ ಲೆಕ್ಕ ಹಿಡಿಯಬೇಕು.

ಜೋಳದ ರೊಟ್ಟಿ ತಿಂದರೆ ಸಕ್ಕರೆ ಏರುವುದಿಲ್ಲ ಎಂದು ಭಾವನವರು ನಂಬಿದ್ದಾರೆ. ಊಟದ ಬಗ್ಗೆ ನಮ್ಮಲ್ಲಿ ಓಡಾಡುವ ಅತಿಶಯೋಕ್ತಿಗಳಲ್ಲಿ ಇದೂ ಒಂದು. ಜೋಳವೂ ಹಿಟ್ಟೇ, ಅದರಿಂದಲೂ ಸಕ್ಕರೆ ಏರುತ್ತದೆ. ನಾಲ್ಕು ರೊಟ್ಟಿ ತಿಂದರೆ ನಾಲ್ಕರಷ್ಟು ಏರುತ್ತದೆ. ಅಕ್ಕನಿಗೆ ಇದನ್ನು ಮೊದಲೇ ಹೇಳಿದೆ.

ಇನ್ನು ಪುಂಡಿಪಲ್ಯ. ಇದು ನನಗೆ ಆ ತಟ್ಟೆಯಲ್ಲಿ ಹೆಚ್ಚು ಇಷ್ಟವಾದದ್ದು, ಆದ್ದರಿಂದಲೇ ಇದರ ಬಗ್ಗೆ ಎಚ್ಚರದಿಂದ ಬರೆಯಬೇಕು. ಪುಂಡಿಸೊಪ್ಪನ್ನು ಮೊದಲು ಬೇಯಿಸಿ, ಹುಳಿ ಹೆಚ್ಚಾದ ನೀರನ್ನು ಬಸಿದು, ತೊಗರಿಬೇಳೆ ಮತ್ತು ಜೋಳದ ನುಚ್ಚಿನೊಡನೆ ಮತ್ತೆ ಬೇಯಿಸಿ, ಹಸಿಮೆಣಸಿನಕಾಯಿ ಹಾಕಿ ಕಡೆದು, ಬೆಳ್ಳುಳ್ಳಿಯ ಒಗ್ಗರಣೆ ಕೊಡುತ್ತಾರೆ. ಇದು ಕೆಡುವುದು ಮೂರು ಕಡೆ. ನೀರು ಬಸಿಯದಿದ್ದರೆ ಹಲ್ಲು ಚುಳ್ಳೆನ್ನುತ್ತದೆ. ನುಚ್ಚು ಬೇಯದಿದ್ದರೆ ನಾಲಿಗೆಗೆ ಮರಳು ಸಿಕ್ಕಿದಂತಾಗುತ್ತದೆ. ಒಗ್ಗರಣೆಯ ಬೆಳ್ಳುಳ್ಳಿ ಕರಗಾದರೆ ಇಡೀ ಪಲ್ಯಕ್ಕೆ ಕಹಿ ಹತ್ತುತ್ತದೆ. ಇಲ್ಲಿ ಮೂರೂ ಸರಿಯಾಗಿದ್ದವು, ಎರಡು ದಿನವೂ. ಬೆಳ್ಳುಳ್ಳಿ ಕಂದುಬಣ್ಣಕ್ಕೆ ಬಂದು ನಿಂತಿತ್ತು. ಉಪ್ಪು ಎರಡನೆಯ ದಿನ ಸ್ವಲ್ಪ ಜಾಸ್ತಿ. ಒಂದು ಸಣ್ಣ ಬಟ್ಟಲು ಹಾಕಿದರು, ಕೇಳಿದಾಗ ಮತ್ತೆ ಅಷ್ಟೇ ಹಾಕಿದರು.

ಪುಂಡಿಯಂಥ ಹುಳಿ ಪದಾರ್ಥವನ್ನು ಯಾವ ಪಾತ್ರೆಯಲ್ಲಿ ಇಟ್ಟಿದ್ದಾರೆ ಎಂದೂ ನೋಡಬೇಕು. ಅಲ್ಯುಮಿನಿಯಂ ಪಾತ್ರೆಯಲ್ಲಿ ಗಂಟೆಗಟ್ಟಲೆ ಇಟ್ಟರೆ ಹುಳಿ ಲೋಹವನ್ನು ತಿನ್ನುತ್ತದೆ, ಪಲ್ಯಕ್ಕೆ ಲೋಹದ ಒಗರು ಬರುತ್ತದೆ. ಇಲ್ಲಿ ಬಡಿಸುವ ಬಕೆಟ್ಟು ಸ್ಟೀಲಿನದು. ಒಳಗೆ ಬೇಯಿಸುವ ಪಾತ್ರೆ ಯಾವುದೆಂದು ನಾನು ನೋಡಲಿಲ್ಲ, ಒಗರಂತೂ ಇರಲಿಲ್ಲ.

ಎಣಗಾಯಿಯಲ್ಲಿಯೇ ಎರಡು ಊಟಗಳ ನಡುವಿನ ವ್ಯತ್ಯಾಸ ಎದ್ದು ಕಂಡದ್ದು. ಹನ್ನೆರಡು ಮುಕ್ಕಾಲಿನ ಬದನೆಕಾಯಿ ಇಡಿಯಾಗಿತ್ತು. ನಾಲ್ಕು ಸೀಳಿನೊಳಗೆ ಶೇಂಗಾ, ಗುರೆಳ್ಳು, ಒಣಕೊಬ್ಬರಿಯ ಮಸಾಲೆ ಕೂತಿತ್ತು. ತೊಟ್ಟಿನ ಹತ್ತಿರದ ತಿರುಳೂ ಬೆಂದಿತ್ತು, ಹುಣಸೆ ಬೆಲ್ಲ ಒಂದನ್ನೊಂದು ಮೀರಿರಲಿಲ್ಲ. ಎರಡು ಕಾಯಿ ಹಾಕಿದರು. ಎರಡು ಐವತ್ತರ ಎಣಗಾಯಿಯಲ್ಲಿ ಕಾಯಿ ಒಡೆದು ಹೋಗಿತ್ತು, ಮಸಾಲೆ ಎಲ್ಲ ಹೊರಗೆ ಬಂದು ಗೊಜ್ಜಿನಂತಾಗಿತ್ತು, ಮೇಲೆ ಎಣ್ಣೆ ಬೇರೆಯಾಗಿ ನಿಂತಿತ್ತು, ತಳ ಹಿಡಿದ ವಾಸನೆ ಸಣ್ಣಗೆ ಇತ್ತು. ಇದು ಮೂರ್ನಾಲ್ಕು ಸಲ ಬಿಸಿ ಮಾಡಿದ್ದರ ಗುರುತು. ಎಣಗಾಯಿಗೆ ಎಣ್ಣೆ ಬೇಕೇ ಬೇಕು, ಎಣ್ಣೆ ಕಂಡಾಕ್ಷಣ ಬೈಯುವುದು ಸರಿಯಲ್ಲ. ಆದರೆ ಮಸಾಲೆಯೊಳಗೆ ಇರುವ ಎಣ್ಣೆಗೂ ಮಸಾಲೆಯಿಂದ ಬೇರ್ಪಟ್ಟು ತೇಲುವ ಎಣ್ಣೆಗೂ ವ್ಯತ್ಯಾಸವಿದೆ. ತಟ್ಟೆ ಸ್ವಲ್ಪ ಓರೆ ಮಾಡಿದಾಗ ಹರಿದು ಬಂದದ್ದು ಒಂದು ಚಮಚಕ್ಕಿಂತ ಹೆಚ್ಚಿತ್ತು. ತಿನ್ನಲಾಗದಂತೇನೂ ಇರಲಿಲ್ಲ, ಅರ್ಧ ತಿಂದು ಅರ್ಧ ಬಿಟ್ಟೆ.

ಮೊದಲ ದಿನ ಮಾತ್ರ ಉಂಡು ಬಂದಿದ್ದರೆ 'ಎಣಗಾಯಿ ಸಾಧಾರಣಕ್ಕಿಂತ ಕೆಳಗೆ' ಎಂದು ಬರೆಯುತ್ತಿದ್ದೆ. ಎರಡನೆಯ ದಿನ ಮಾತ್ರ ಹೋಗಿದ್ದರೆ ಹೊಗಳುತ್ತಿದ್ದೆ. ಎರಡೂ ನಿಜ, ಎರಡೂ ಅಪೂರ್ಣ. ಒಂದು ಒಲೆ ಪೂರ್ತಿ ರೊಟ್ಟಿಗೆ ಮೀಸಲಾದ ಸಣ್ಣ ಅಡುಗೆಮನೆಯಲ್ಲಿ ಎಣಗಾಯಿಯನ್ನು ಎರಡು ಸಲ ಮಾಡುವುದು ಅವರಿಗೆ ಕಷ್ಟ. ಅದು ಕಾರಣ. ಹಾಗೆಂದು ತಳ ಹಿಡಿದ ವಾಸನೆ ಇಲ್ಲವಾಗುವುದಿಲ್ಲ.

ಎಣಗಾಯಿಯ ಬಣ್ಣದ ಬಗ್ಗೆ ಅಕ್ಕ ಕೇಳಿದ್ದಳು. 2024ರಲ್ಲಿ ಕರ್ನಾಟಕ ಸರಕಾರ ಗೋಬಿ ಮಂಚೂರಿಗೂ ಆಮೇಲೆ ಕಬಾಬಿಗೂ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ ಮೇಲೆ ಕೆಂಪಾಗಿ ಕಂಡ ಪದಾರ್ಥದ ಮೇಲೆಲ್ಲ ಆಕೆಗೆ ಸಂಶಯ. ಇಲ್ಲಿನ ಎಣಗಾಯಿ ಕಂದು, ಅದೂ ಗುರೆಳ್ಳಿನಿಂದ ಕಪ್ಪಿಗೆ ತಿರುಗಿದ ಕಂದು. ಬಣ್ಣ ಹಾಕುವವನಿಗೆ ಅಲ್ಲಿ ಕೆಲಸವೇ ಇಲ್ಲ.

ಮಡಿಕಿಕಾಳಿನ ಪಲ್ಯ ಮೊದಲ ದಿನ ಇತ್ತು, ಎರಡನೆಯ ದಿನ ಅದರ ಬದಲು ಹೆಸರುಕಾಳು. ಮೊಳಕೆ ಸಣ್ಣದು, ಹುಳಿವಾಸನೆ ಇಲ್ಲ, ಉಪ್ಪು ಖಾರ ಸರಿ. ಹೇಳುವಂಥದ್ದು ಹೆಚ್ಚಿಲ್ಲ. ಶೇಂಗಾ ಹಿಂಡಿಯನ್ನು ಪ್ರತಿ ಮೇಜಿನ ಮೇಲೆ ಮುಚ್ಚಳವಿದ್ದ ಡಬ್ಬಿಯಲ್ಲಿ ಇಟ್ಟಿದ್ದರು, ಒಣ ಚಮಚ ಹಾಕಿ. ಒದ್ದೆ ಚಮಚ ಬಿದ್ದರೆ ಹಿಂಡಿ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹತ್ತಿದ ಶೇಂಗಾದಲ್ಲಿ ಹುಟ್ಟುವ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಹಿಂಡಿಯನ್ನು ಮೊದಲು ಮೂಸಿ ನೋಡುವುದು ನನ್ನ ಅಭ್ಯಾಸ, ಪಕ್ಕದವರು ನಕ್ಕರೂ ಸರಿ. ಇಲ್ಲಿ ಮುಗ್ಗುವಾಸನೆ ಇರಲಿಲ್ಲ. ಉಳ್ಳಾಗಡ್ಡಿ, ಸೌತೆಕಾಯಿ ಮೊದಲ ದಿನ ಬಾಡಿದ್ದವು. ಅವನ್ನು ಬೆಳಗ್ಗೆಯೇ ಹೆಚ್ಚಿಟ್ಟಿರಬೇಕು. ನಾನು ಮುಟ್ಟಲಿಲ್ಲ. ಹೊಟ್ಟೆ ಸೂಕ್ಷ್ಮವಿರುವವರು ಹೊರಗೆ ಉಣ್ಣುವಾಗ ಹೆಚ್ಚಿಟ್ಟ ಹಸಿ ತರಕಾರಿಯನ್ನು ಬಿಡುವುದೇ ಲೇಸು.

ಈಗ ಅನ್ನ. ನಾನು ಅಕ್ಕನಿಗೆ ಮುಖ್ಯವಾಗಿ ಹೇಳಬೇಕಾದ್ದು ಇದನ್ನೇ. ರುಚಿಯ ದೃಷ್ಟಿಯಿಂದ ಅನ್ನದಲ್ಲಿ ಬರೆಯುವಂಥ ದೋಷ ಇರಲಿಲ್ಲ. ಸಣ್ಣಕ್ಕಿ ಅನ್ನ, ಬಿಡಿಬಿಡಿ, ಕಲ್ಲಿಲ್ಲ. ಪ್ರಮಾಣವೂ ಧಾರಾಳ. ಆದರೆ ಎರಡು ಐವತ್ತಕ್ಕೆ ಬಂದ ಅನ್ನ ಬಿಸಿಯೂ ಇರಲಿಲ್ಲ, ತಣ್ಣಗೂ ಇರಲಿಲ್ಲ. ಕೈಗೆ ಉಗುರುಬೆಚ್ಚಗೆ. ಇದು ಅನ್ನದ ಅತ್ಯಂತ ಕೆಟ್ಟ ಸ್ಥಿತಿ. ಅಕ್ಕಿಯಲ್ಲಿ ಮಣ್ಣಿನಿಂದ ಬಂದ ಒಂದು ಬಗೆಯ ರೋಗಾಣುವಿನ ಬೀಜಗಳಿರುತ್ತವೆ, ಅವು ಅನ್ನ ಬೇಯುವ ಶಾಖಕ್ಕೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗಿರುವಾಗ ಅವು ಮೊಳೆತು ಹೆಚ್ಚುತ್ತವೆ, ವಿಷ ಬಿಡುತ್ತವೆ. ಆ ವಿಷದಲ್ಲಿ ವಾಂತಿ ಬರಿಸುವ ಬಗೆಯದು ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಅನ್ನಕ್ಕೆ ವಾಸನೆ ಬಂದಿರುವುದಿಲ್ಲ, ಹಳಸಿರುವುದಿಲ್ಲ, ನಾಲಿಗೆಗೆ ಏನೂ ಗೊತ್ತಾಗುವುದಿಲ್ಲ. ಬಿಸಿ ಪದಾರ್ಥವನ್ನು ಬಡಿಸುವವರೆಗೂ 60 ಡಿಗ್ರಿಗಿಂತ ಮೇಲೆ ಇಡಬೇಕು ಎಂಬ ನಿಯಮ ಇರುವುದು ಇದಕ್ಕೇ. ಉಣ್ಣುವವರ ಬಳಿ ಉಷ್ಣಮಾಪಕ ಇರುವುದಿಲ್ಲ. ಒಂದು ಅಂದಾಜು ಸಾಕು: ಅನ್ನ ಕಲಸಲು ಹೋದಾಗ ಬೆರಳು ಹಿಂದೆಗೆಯಬೇಕು, ಹಬೆ ಕಾಣಬೇಕು. ಆರಾಮವಾಗಿ ಕಲಸಬಹುದಾದರೆ ಅದು ಆ ಮಿತಿಗಿಂತ ಕೆಳಗಿದೆ.

ನಾನು ಎರಡು ತುತ್ತು ತಿಂದು ಅನ್ನ ಬಿಟ್ಟೆ. ಅದನ್ನು ನೋಡಿ ಗಲ್ಲಾದಲ್ಲಿದ್ದ ಆ ಹೆಣ್ಣುಮಗಳು ಎದ್ದು ಬಂದಳು.

"ಯಾಕ್ರಿ ಅಣ್ಣಾ, ಅನ್ನ ಬಿಟ್ರಿ? ಛಲೋ ಆಗಿಲ್ಲೇನ್ರಿ?"

"ಅನ್ನ ಛಲೋ ಅದ ತಂಗಿ. ಎಷ್ಟೊತ್ತಿಗೆ ಮಾಡಿದ್ದು?"

"ಹನ್ನೊಂದಕ್ಕ ಇಳಿಸೀವ್ರಿ. ಬುಟ್ಯಾಗ ಹಾಕಿ ಬಟ್ಟಿ ಮುಚ್ಚಿರ್ತೀವಿ. ಆರಂಗಿಲ್ರಿ, ಸಂಜಿತನ ಬೆಚ್ಚಗೇ ಇರ್ತದ."

ಆಕೆ ಅದನ್ನು ಹೆಮ್ಮೆಯಿಂದ ಹೇಳಿದಳು. ಅನ್ನ ಬೆಚ್ಚಗಿಡುವುದು ಆಕೆಯ ಲೆಕ್ಕದಲ್ಲಿ ಗಿರಾಕಿಗೆ ತೋರುವ ಕಾಳಜಿ. ನಾನು ರೋಗಾಣುವಿನ ವಿಚಾರ ಹೇಳಿದಾಗ ಪೂರ್ತಿ ನಂಬಿದಂತೆ ಕಾಣಲಿಲ್ಲ. "ಇಷ್ಟು ವರ್ಷ ಆತ್ರಿ, ಯಾರೂ ಹೊಟ್ಟಿ ನೋವಂತ ಬಂದಿಲ್ಲ" ಎಂದಳು. ಅದೂ ನಿಜವೇ ಇರಬಹುದು. ಪ್ರತಿ ಬೆಚ್ಚಗಿನ ಅನ್ನದಲ್ಲಿಯೂ ವಿಷ ಇರುತ್ತದೆ ಎಂದು ನಾನೂ ಹೇಳುವುದಿಲ್ಲ. ಹೊಟ್ಟೆನೋವು ಬಂದವರು ತಮ್ಮ ಊರಿಗೆ ಹೋಗಿ ಮಲಗುತ್ತಾರೆ, ಬಸ್ ಹತ್ತಿ ದೂರು ಹೇಳಲು ಬರುವುದಿಲ್ಲ ಎಂಬುದೂ ಅಷ್ಟೇ ನಿಜ. ಅನ್ನವನ್ನು ಎರಡು ಸಲ ಮಾಡಿದರೆ ಆಗುವುದಿಲ್ಲವೇ ಎಂದು ಕೇಳಿದೆ. "ಗ್ಯಾಸಿನ ರೇಟ್ ನೋಡ್ರಿ ಅಣ್ಣಾ" ಎಂದಳು. ನಂತರ ಸ್ವಲ್ಪ ಯೋಚಿಸಿ, ಒಂದೂವರೆ ಗಂಟೆಗೆ ಒಲೆಯೊಂದು ಬಿಡುವಾಗುತ್ತದೆ, ಆಗ ಅರ್ಧ ಮಾಡಬಹುದೇನೋ ಎಂದಳು.

ಸಾರು ತೊಗರಿಬೇಳೆಯದು, ತೆಳ್ಳಗಿತ್ತು. ತೊಗರಿಯ ನಾಡು ನಮ್ಮದು. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಆ ಹೆಮ್ಮೆ ಈ ಸಾರಿನಲ್ಲಿ ತಳದಲ್ಲಿ ಮಾತ್ರ ಇತ್ತು. ಹುಡುಗ ಸೌಟು ತಿರುಗಿಸದೆ ಮೇಲಿನದನ್ನೇ ಹಾಕಿದ. "ತಿರುವಿ ಹಾಕಪ್ಪ" ಎಂದಾಗ ಬೇಳೆ ಬಂತು. ಎರಡು ದಿನವೂ ಸಾರು ಕುದಿಯುವಷ್ಟು ಬಿಸಿ ಇತ್ತು, ಅದಕ್ಕೆ ಅಂಕ ಕೊಡಲೇಬೇಕು. ಮಜ್ಜಿಗೆ ಒಂದು ಲೋಟ, ಮೊದಲ ದಿನ ಹುಳಿ, ಎರಡನೆಯ ದಿನ ಸಿಹಿ. ಅದರಲ್ಲಿ ಹಾಕಿದ ನೀರು ಯಾವುದು ಎಂಬುದು ನನಗೆ ರುಚಿಗಿಂತ ಮುಖ್ಯವಾದ ಪ್ರಶ್ನೆ.

ನೀರಿನ ಮಾತು ಇಲ್ಲಿ ಸಣ್ಣದಲ್ಲ. ಯಾದಗಿರಿ ಜಿಲ್ಲೆಯ ಎಷ್ಟೋ ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿದೆ, ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಲು ತಕ್ಕದ್ದಲ್ಲ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಹೆಚ್ಚುತ್ತದೆ. ಒಂದು ಊಟದ ನೀರಿನಿಂದ ಯಾರಿಗೂ ಏನೂ ಆಗುವುದಿಲ್ಲ, ಹೆದರಿಸುವುದು ನನ್ನ ಉದ್ದೇಶವಲ್ಲ. ಆದರೆ ದಿನವೂ ಅಲ್ಲಿ ಉಣ್ಣುವ ಕೂಲಿಕಾರರು, ವಿದ್ಯಾರ್ಥಿಗಳು ಇದ್ದಾರೆ, ಅವರು ಕೇಳಬೇಕು. ನಾನು ಕೇಳಿದಾಗ ಕುಡಿಯಲು ಶುದ್ಧೀಕರಣ ಘಟಕದ ಕ್ಯಾನು, ಅಡುಗೆಗೆ ನಗರಸಭೆಯ ನಳದ ನೀರು ಎಂದರು. ಕ್ಯಾನುಗಳನ್ನು ನಾನೇ ನೋಡಿದೆ. ಮಜ್ಜಿಗೆಗೆ ಯಾವುದು ಎಂದಾಗ ಹುಡುಗ "ಕ್ಯಾನಿಂದೇ ರೀ" ಎಂದ. ಇದು ಅವನ ಮಾತು, ನಾನು ಕಂಡದ್ದಲ್ಲ. ಸ್ವಚ್ಛತೆಯ ಬಗ್ಗೆ ಬರೆಯುವಾಗ ಕಂಡದ್ದು, ಕೇಳಿದ್ದು ಎರಡನ್ನೂ ಬೇರೆ ಬೇರೆ ಇಡದಿದ್ದರೆ ಅನ್ಯಾಯ ಯಾರಿಗಾದರೂ ಆಗಿಯೇ ಆಗುತ್ತದೆ.

ಕಂಡದ್ದು ಇಷ್ಟು. ಕೈ ತೊಳೆಯುವಲ್ಲಿ ನಳವಿತ್ತು, ನೀರು ಬರುತ್ತಿತ್ತು. ಸಾಬೂನು ಮೊದಲ ದಿನ ಇರಲಿಲ್ಲ, ಎರಡನೆಯ ದಿನ ಒಂದು ತುಂಡು ಇತ್ತು. ತಟ್ಟೆ ಒಣಗಿತ್ತು, ಅಂಚಿನಲ್ಲಿ ಜಿಡ್ಡಿಲ್ಲ. ಹಿತ್ತಲಲ್ಲಿ ತಟ್ಟೆಗಳನ್ನು ಎರಡು ಬುಟ್ಟಿ ನೀರಿನಲ್ಲಿ ಅದ್ದಿ ನಂತರ ನಳದ ಕೆಳಗೆ ಹಿಡಿಯುವುದು ಕಿಟಕಿಯಿಂದ ಕಾಣುತ್ತಿತ್ತು. ಪಲ್ಯದ ಬಕೆಟ್ಟುಗಳಿಗೆ ಮುಚ್ಚಳವಿತ್ತು. ನೊಣ ಎರಡನೆಯ ದಿನ ಹೆಚ್ಚು, ಆ ದಿನ ಮಳೆ ಬಂದಿತ್ತು. ಮೇಜು ಒರೆಸುವ ಬಟ್ಟೆ ಮಾತ್ರ ಎರಡು ದಿನವೂ ಒಂದೇ ಬಣ್ಣದ ಕಪ್ಪು, ಒದ್ದೆ, ವಾಸನೆ ಬರುವಂಥದ್ದು. ಅದರಿಂದ ಒರೆಸಿದ ಮೇಲೆ ಮೇಜು ಮೊದಲಿಗಿಂತ ಹೊಲಸಾಗುತ್ತದೆ. ರೊಟ್ಟಿ ನೇರವಾಗಿ ತಟ್ಟೆಗೆ ಬರುತ್ತದೆ, ಮೇಜಿಗೆ ತಾಗುವುದಿಲ್ಲ ಎಂಬುದೊಂದೇ ಸಮಾಧಾನ.

ಬಟ್ಟೆ ಎಂದಾಗ ಇನ್ನೊಂದು ಬಟ್ಟೆಯ ನೆನಪು. ರೊಟ್ಟಿಯನ್ನು ಹಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ನೀರು ಸವರುತ್ತಾರಲ್ಲ, ಆ ಅರಿವೆ. ಅದು ಹೊಲಸಾಗಿದ್ದರೂ ರೊಟ್ಟಿ ಬೇಯುತ್ತದೆ, ಶಾಖಕ್ಕೆ ರೋಗಾಣು ಉಳಿಯುವುದಿಲ್ಲ ಎನ್ನುವವರಿದ್ದಾರೆ. ಬಹುಮಟ್ಟಿಗೆ ನಿಜ. ಆದರೆ ಅದೇ ಅರಿವೆಯಿಂದ ಬೆಂದ ರೊಟ್ಟಿ ಹಿಡಿದರೆ ಆ ಮಾತು ನಿಲ್ಲುವುದಿಲ್ಲ. ಇಲ್ಲಿ ರೊಟ್ಟಿ ಬಡಿಯುವ ಜಾಗ ಗಿರಾಕಿಗಳಿಗೆ ಕಾಣುವ ಹಾಗಿದೆ. ಇದು ಖಾನಾವಳಿಗಳ ದೊಡ್ಡ ಗುಣ. ನೀರು ಸವರಲು ಒಂದು ಬಿಳಿ ಅರಿವೆ, ರೊಟ್ಟಿ ಎತ್ತಲು ಚಿಮಟ. ಬಡಿಯುವವರು ಹಣ ಮುಟ್ಟುವುದಿಲ್ಲ. ಬಡಿಸುವ ಹುಡುಗ ಮಾತ್ರ ಒಂದು ಸಲ ಚಿಲ್ಲರೆ ಇಸಿದುಕೊಂಡು ಅದೇ ಕೈಯಲ್ಲಿ ರೊಟ್ಟಿ ತಂದ.

ಗೋಡೆಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಪತ್ರ ಇತ್ತು, ಹದಿನಾಲ್ಕು ಅಂಕಿಯ ಸಂಖ್ಯೆ ಸ್ಪಷ್ಟವಾಗಿ ಓದಬಹುದಿತ್ತು, ಅವಧಿ ಮುಗಿದಿರಲಿಲ್ಲ. ಈ ಪತ್ರ ನೋಡಿ ಅಡುಗೆಮನೆ ಚೊಕ್ಕಟವಾಗಿದೆ ಎಂದು ತೀರ್ಮಾನಿಸಬಾರದು. ಅಂಗಡಿಯವರ ಹೆಸರು ಸರಕಾರದ ಲೆಕ್ಕದಲ್ಲಿದೆ, ತೊಂದರೆಯಾದರೆ ದೂರು ಕೊಡಲು ಒಂದು ಸಂಖ್ಯೆ ಇದೆ, ಅದರ ಅರ್ಥ ಅಷ್ಟೇ. ಪಾರ್ಸಲ್ಲಿಗೆ ರೊಟ್ಟಿಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಡುತ್ತಿದ್ದರು. 2018ರ ಪ್ಯಾಕಿಂಗ್ ನಿಯಮಗಳ ಪ್ರಕಾರ ಆಹಾರವನ್ನು ಪತ್ರಿಕೆಯಲ್ಲಿ ಸುತ್ತುವಂತಿಲ್ಲ, ಮಸಿ ಬಿಸಿಗೆ ಆಹಾರಕ್ಕೆ ಅಂಟುತ್ತದೆ. ಯಾದಗಿರಿಯಲ್ಲಿ ಮಿರ್ಚಿ ಭಜಿ ಕೊಳ್ಳುವಾಗಲೂ ನೋಡಿದ್ದು ಇದನ್ನೇ. ಪಾರ್ಸಲ್ ಒಯ್ಯುವವರು ಮನೆಯಿಂದ ಡಬ್ಬಿಯೋ ಅರಿವೆಯೋ ಒಯ್ದರೆ ಕೊಡುವವರಿಗೇನೂ ಬೇಸರವಿಲ್ಲ.

ಸೇವೆಯ ಬಗ್ಗೆ ಬರೆಯುವಾಗ ನಮ್ಮವರು ಸಾಮಾನ್ಯವಾಗಿ ಹುಡುಗನ ಮುಖ ನೋಡಿ ಬರೆಯುತ್ತಾರೆ, ನಕ್ಕನೋ ಇಲ್ಲವೋ ಎಂದು. ಎಂಟು ಮೇಜಿಗೆ ಒಬ್ಬನೇ ಓಡಾಡುವವನು ನಗಬೇಕೆಂದು ಬಯಸುವುದು ನನಗೆ ಸರಿ ಕಾಣುವುದಿಲ್ಲ. ನಾನು ನೋಡಿದ್ದು, ಕೇಳಿದ್ದನ್ನು ತಂದನೇ, ಎಷ್ಟು ಸಲ ಕೇಳಬೇಕಾಯಿತು, ಎಲ್ಲರಿಗೂ ಒಂದೇ ಬಗೆಯಲ್ಲಿ ಹಾಕಿದನೇ ಎಂಬುದನ್ನು. ಪಲ್ಯವನ್ನು ಒಂದೇ ಸಲ ಕೇಳಿದೆ, ಬಂತು. ನೀರಿಗೆ ಎರಡು ಸಲ. ಜನ ತುಂಬಿದ್ದ ದಿನ ಎರಡನೆಯ ರೊಟ್ಟಿ ಬರುವಷ್ಟರಲ್ಲಿ ಮೊದಲ ಪಲ್ಯ ಆರಿತ್ತು. ಆದರೆ ಧೋತರ ಉಟ್ಟ ರೈತನಿಗೂ ಬೈಕಿನಲ್ಲಿ ಬಂದ ನೌಕರನಿಗೂ ಬಂದ ಸರದಿಯ ಪ್ರಕಾರವೇ ರೊಟ್ಟಿ ಹೋಯಿತು, ಎಣಗಾಯಿಯೂ ಎರಡೆರಡೇ. ಇದನ್ನು ನಾನು ಬೇಕೆಂದೇ ಎಣಿಸಿದೆ.

ಅಕ್ಕನಿಗೆ ಹೇಳಿದ್ದು ಹೀಗೆ: ಮೂರು ಗಂಟೆಗೆ ಹೋದರೆ ರೊಟ್ಟಿ, ಪುಂಡಿಪಲ್ಯ, ಕಾಳು, ಬಿಸಿ ಸಾರು ಉಣ್ಣಲಿ. ಅನ್ನ ಬೇಡ, ಹೆಚ್ಚಿಟ್ಟ ಸೌತೆಕಾಯಿ ಬೇಡ. ಎಣಗಾಯಿ ಬೇಕೆಂದರೆ ಒಂದು ಗಂಟೆಯ ಒಳಗೆ ತಲುಪಬೇಕು. ಜೇಬಿನಲ್ಲಿ ಒಂದು ಸಾಬೂನಿನ ತುಂಡು ಇರಲಿ. ಅಕ್ಕ ಎಲ್ಲ ಕೇಳಿಸಿಕೊಂಡು, "ಅಂದರ ಛಲೋ ಅದ ಅನ್ನು" ಎಂದಳು.

ಮೊನ್ನೆ ಭಾವನವರು ಯಾದಗಿರಿಯಿಂದ ಬಂದಾಗ ಅಲ್ಲಿಯೇ ಉಂಡರಂತೆ. ಅನ್ನದಿಂದ ಹಬೆ ಬರುತ್ತಿತ್ತು, ಆದರೆ ಅದಕ್ಕಾಗಿ ಹತ್ತು ನಿಮಿಷ ಕಾಯಿಸಿದರು, ಸುರಪುರದ ಬಸ್ಸು ತಪ್ಪಿತು ಎಂದು ನನ್ನ ಮೇಲೆ ಸಿಟ್ಟಾಗಿದ್ದಾರೆ. ಮೇಜು ಒರೆಸುವ ಬಟ್ಟೆಯನ್ನು ಅವರು ನೋಡಲಿಲ್ಲವಂತೆ.